ಹೆಣಗಳಿಗೆ ಸದ್ದಿಲ್ಲ

ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದುಹೋಗುವ ಭಾಗವನ್ನು ಹತ್ತು ನಿಮಿಷದ ಬಾನುಲಿ ನಾಟಕವಾಗಿಸಲು ನಾವು ನಾಲ್ವರು ಸಂಶೋಧನಾ ವಿದ್ಯಾರ್ಥಿಗಳು ಕೂತಿದ್ದೆವು. ಆ ಭಾಗದ ಜೀವವೆಲ್ಲ ನೋಟದಲ್ಲಿದೆ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ ಹೀಗೆ ಒಬ್ಬೊಬ್ಬರ ಹೆಣದ ಮುಂದೆಯೂ ದೊರೆ ನಿಲ್ಲುತ್ತಾನೆ. ಆದರೆ ಹೆಣ ಸದ್ದು ಮಾಡುವುದಿಲ್ಲ. ಬಾನುಲಿಯಲ್ಲಿ ಸದ್ದಿಲ್ಲದ್ದು ಇಲ್ಲವೇ ಇಲ್ಲ.

‘ಅಲ್ಲಿ ರಕ್ತದಲ್ಲಿ ಬಿದ್ದಿರುವವನು ನನ್ನ ಗೆಳೆಯ ಕರ್ಣ’ ಎಂದು ದುರ್ಯೋಧನನಿಂದ ಹೇಳಿಸಿಬಿಡಬಹುದು. ಆದರೆ ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿರುವವನಿಗೆ ಯಾರೂ ಹಾಗೆ ವಿವರಿಸುವುದಿಲ್ಲ. ಕೇಳುಗರಿಗಾಗಿ ಆಡಿದ ಮಾತೆಂದು ತಕ್ಷಣ ಗೊತ್ತಾಗುತ್ತದೆ. ನಾವು ಹೀಗೆ ಬರೆದೆವು:

(ಕೆಸರಿನಲ್ಲಿ ಇಬ್ಬರ ಹೆಜ್ಜೆ. ದೂರದಲ್ಲಿ ನರಿಗಳ ಊಳು.)
ದುರ್ಯೋಧನ: ಮಳೆ ಬಂದಿತ್ತೇನು, ಸಂಜಯ?
ಸಂಜಯ: ಮಳೆಯಲ್ಲ, ಪ್ರಭು. (ಅವನ ಹೆಜ್ಜೆ ನಿಲ್ಲುತ್ತದೆ.) ಈ ಕಡೆ ಬೇಡ. ಬಳಸಿ ಹೋಗೋಣ.
ದುರ್ಯೋಧನ: ಯಾರಲ್ಲಿ? ದುಶ್ಶಾಸನನೆ?
ಸಂಜಯ: ಅವನನ್ನು ಆಗಲೇ ದಾಟಿ ಬಂದೆವು.
(ಹೆಜ್ಜೆ ಓಡುತ್ತದೆ. ಗದೆ ನೆಲಕ್ಕೆ ಬೀಳುತ್ತದೆ.)
ದುರ್ಯೋಧನ (ಮೈಕಿಗೆ ತೀರ ಹತ್ತಿರ): ಕರ್ಣ.

ಒದ್ದೆ ಬಟ್ಟೆಯನ್ನು ಬೋಗುಣಿಯಲ್ಲಿ ಅದುಮಿದರೆ ಕೆಸರಿನ ಸದ್ದು ಸಿಗುತ್ತದೆ. ಆದರೆ ಅದು ಗದ್ದೆಯೋ ರಣರಂಗವೋ ಎಂದು ಆ ಸದ್ದೊಂದೇ ಹೇಳಲಾರದು. ಅದಕ್ಕೇ ಮಳೆಯ ಪ್ರಶ್ನೆ ಸದ್ದಿನ ಬೆನ್ನಲ್ಲೇ ಬರಬೇಕು. ಹೆಣವನ್ನು ತೋರಿಸುವುದು ಸಂಜಯನ ಹಿಂಜರಿಕೆ. ಹೆಸರು ಕೊನೆಗೆ ಬರುವುದರಿಂದ ಕೇಳುಗರೂ ದೊರೆಯ ಜೊತೆಗೇ ಹುಡುಕುತ್ತಾರೆ.

ಯಾರು ನಡೆಯುತ್ತಿದ್ದಾರೆ ಎಂಬುದಕ್ಕೂ ಗುರುತು ಬೇಕು. ದುರ್ಯೋಧನ ಗದೆಯೂರಿ ನಡೆಯುವುದರಿಂದ ಅವನ ಹೆಜ್ಜೆಗಳ ನಡುವೆ ಒಂದು ಮಂದ ಪೆಟ್ಟು ಸೇರಿಸಿದೆವು. ಎರಡು ಸಲ ಕೇಳಿದ ಮೇಲೆ ಹೆಸರು ಹೇಳಬೇಕಿಲ್ಲ. ನರಿಗಳ ಊಳು ಮೊದಲು ಕೆಲವು ಸೆಕೆಂಡು ಜೋರಾಗಿ ಕೇಳಿಸಿ, ಮಾತು ಶುರುವಾದೊಡನೆ ತಗ್ಗುತ್ತದೆ. ಪೂರ್ತಿ ನಿಂತರೆ ಜಾಗ ಬದಲಾಯಿತೆಂದೇ ಕಿವಿ ತಿಳಿಯುತ್ತದೆ.

ಭೀಷ್ಮನ ಬಳಿಗೆ ಹೋಗುವಾಗ ಅದನ್ನೇ ಬಳಸಿಕೊಂಡೆವು. ‘ಅಜ್ಜನನ್ನು ಕಂಡು ಹೋಗೋಣ’ ಎಂಬ ಮಾತು, ಊಳು ಕರಗುವುದು, ಎರಡು ಸೆಕೆಂಡು ಮೌನ, ಆಮೇಲೆ ಗಾಳಿ. ದೂರದಿಂದ ಒಂದು ಮುದಿ ದನಿ: ‘ಸುಯೋಧನನೆ? ಗದೆಯ ಸದ್ದು ಕೇಳಿಸಿತು.’ ಒಂದೇ ಮಾತಿನಲ್ಲಿ ಬಂದವನೂ ಗೊತ್ತಾದ, ಮಲಗಿದವನೂ ಗೊತ್ತಾದ.

ಕಾವ್ಯ ಓದಿರದ ಗೆಳತಿಯೊಬ್ಬಳಿಗೆ ಕೇಳಿಸಿ, ನಡುನಡುವೆ ನಿಲ್ಲಿಸಿ, ‘ಈಗ ಅಲ್ಲಿ ಯಾರ್ಯಾರಿದ್ದಾರೆ?’ ಎಂದು ಕೇಳಿದೆವು. ದೊರೆ ಕರ್ಣನಿಗಾಗಿ ಅಳುವ ಹೊತ್ತಿಗೆ ಅವಳ ಪಟ್ಟಿಯಲ್ಲಿ ಸಂಜಯ ಇರಲಿಲ್ಲ. ಒಂದು ನಿಮಿಷ ಸುಮ್ಮನಿದ್ದವನು ಅವಳ ಪಾಲಿಗೆ ಹೊರಟೇಹೋಗಿದ್ದ. ಆ ಅಳುವಿನ ನಡುವೆ ಸಂಜಯನಿಗೆ ‘ಪ್ರಭು...’ ಎಂಬ ಒಂದೇ ಮಾತು ಕೊಟ್ಟೆವು. ಅವನು ಮರಳಿ ಬಂದ. ದುರ್ಯೋಧನ ಅವನಿಗೆ ಉತ್ತರ ಕೊಡದೆ ಅಳುತ್ತಲೇ ಇದ್ದುದು ಆ ದೃಶ್ಯಕ್ಕೆ ಇನ್ನಷ್ಟು ಒಪ್ಪಿತು.