ತ, ಟ, ಸ್ಥೀ, ಕ, ರ, ಣ

ಜುಲೈ 8, 2025, ಮಂಗಳವಾರ

ಏಳನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಮುಗಿಯಿತು. ಪುನರಾವರ್ತನೆಗೆ ಪದಬಂಧ ಮಾಡೋಣವೆಂದು ರಾತ್ರಿ ಚೌಕುಳಿ ಹಾಳೆ ಹಿಡಿದು ಕೂತೆ. ಮೊದಲು ಉದ್ದದ ಪದವನ್ನು ಅಡ್ಡಕ್ಕೆ ಮಲಗಿಸಬೇಕು. ತಟಸ್ಥೀಕರಣ, ಆರು ಮನೆ. ಅದರ 'ಕ' ಮೇಲೆ ಕೊನೆಯಾಗುವಂತೆ ಸೂಚಕ, 'ಣ' ಮೇಲೆ ಕೊನೆಯಾಗುವಂತೆ ಲವಣ ಇಳಿಬಿಟ್ಟೆ. ನಡುವಿನ 'ರ' ಖಾಲಿ ಉಳಿದಿತ್ತು, ಕ್ಷಾರ ಹೊಂದುತ್ತದೆ ಎನಿಸಿತು. ಹಾಕಿ ನೋಡಿದರೆ ಮೇಲಿನ ಸಾಲಿನಲ್ಲಿ 'ಚಕ್ಷಾವ' ಎಂಬ ಹೊಸ ಪ್ರಾಣಿ ಹುಟ್ಟಿಕೊಂಡಿತು. ಅಕ್ಕಪಕ್ಕದಲ್ಲೇ ಎರಡು ಪದ ಇಳಿದರೆ ಹೀಗೇ ಆಗುವುದು, ನಡುವೆ ಒಂದು ಕಪ್ಪು ಮನೆ ಬೇಕೇ ಬೇಕು. ಕ್ಷಾರ ಬಿಟ್ಟೆ.

ಜುಲೈ 9, ಬುಧವಾರ

ನಮ್ಮ ಪದಬಂಧದ ಒಂದು ಮನೆಯೆಂದರೆ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಒಂದಿಡೀ ಅಕ್ಷರ. ಹಾಗಾಗಿ ಕೂಡುವ ಜಾಗ ಸಿಗುವುದು ಕಷ್ಟ. ಹುಳಿಯ 'ಳಿ' ದಾಸವಾಳದ 'ಳ'ಗೆ ಹೊಂದದು. ಸುಣ್ಣದ 'ಣ್ಣ' ಲವಣದ 'ಣ'ಗೆ ಹೊಂದದು. ಪ್ರತ್ಯಾಮ್ಲಕ್ಕಂತೂ 'ಮ್ಲ'ದಲ್ಲಿ ಆಮ್ಲ ಬಿಟ್ಟರೆ ನೆಂಟರೇ ಇಲ್ಲ ಅಂದುಕೊಂಡಿದ್ದೆ. ಪ್ರಯೋಗದ ಸಾಮಾನು ನೆನಪಿಗೆ ಬಂದಿದ್ದರಿಂದ ಕೆಲಸವಾಯಿತು: 'ಪ್ರ'ದಿಂದ ಪ್ರನಾಳ ಕೆಳಗಿಳಿಯಿತು, ಅದರ 'ಳ'ದಲ್ಲಿ ದಾಸವಾಳ ಅಡ್ಡಕ್ಕೆ ಬಂದು ಸೇರಿತು. ಆದರೆ ಈ ಗುಂಪು ತಟಸ್ಥೀಕರಣದ ಗುಂಪಿಗೆ ಕೂಡಲೇ ಇಲ್ಲ. ಎರಡು ಬೇರೆ ಚೌಕಗಳಾಗಿಯೇ ಬಿಟ್ಟೆ. ಪತ್ರಿಕೆಯ ಪದಬಂಧವಾಗಿದ್ದರೆ ಇದನ್ನು ಒಪ್ಪುವುದಿಲ್ಲ. ಮಕ್ಕಳಿಗೆ ತೊಂದರೆಯಿಲ್ಲ. ಬಲವಂತದಿಂದ ಸೇರಿಸಲು ಪಾಠದಲ್ಲಿಲ್ಲದ ಪದ ತುರುಕುವುದಕ್ಕಿಂತ ಇದೇ ಮೇಲು.

ಸುಳಿವು ಬರೆಯುವಾಗ ಪುಸ್ತಕದ ವಾಕ್ಯ ಎತ್ತಿಡಲಿಲ್ಲ. ಎತ್ತಿಟ್ಟರೆ ಮಕ್ಕಳು ಆ ಸಾಲನ್ನು ಹುಡುಕಿ ಪದ ಇಳಿಸಿಕೊಳ್ಳುತ್ತಾರೆ ಅಷ್ಟೆ. ದಾಸವಾಳಕ್ಕೆ ಹೀಗೆ ಬರೆದೆ: 'ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು, ಬೇಲಿಯಲ್ಲೂ ಇದ್ದೇನೆ (4)'.

ಜುಲೈ 11, ಶುಕ್ರವಾರ

ಇಬ್ಬಿಬ್ಬರಿಗೆ ಒಂದು ಹಾಳೆ ಕೊಟ್ಟೆ. ಶುರುವಿಗೇ ಮನೆ ಎಣಿಸುವ ತಕರಾರು. "ಸರ್, ಪ್ರತ್ಯಾಮ್ಲಕ್ಕೆ ಒಂದು ಮನೆ ಕಮ್ಮಿ ಬಂತು" ಎಂದಳು ಮುಂದಿನ ಬೆಂಚಿನವಳು. ನೋಡಿದರೆ 'ಪ್ರ, ತ್, ಯಾ' ಎಂದು ಬಿಡಿಸಿ ಬರೆದು 'ಮ್ಲ'ಕ್ಕೆ ಜಾಗವಿಲ್ಲದೆ ಕೂತಿದ್ದಾಳೆ. ಬಾಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿದೆ, ಮೂರೇ ಬಂತು. ಸರಿಮಾಡಿಕೊಂಡಳು.

ಸ್ವಾರಸ್ಯ ಇದ್ದದ್ದು ಲವಣದಲ್ಲಿ. ಸುಳಿವು: 'ಆಮ್ಲ, ಪ್ರತ್ಯಾಮ್ಲ ಸೇರಿದಾಗ ಸಿಗುವುದು (3)'. ಹಲವರು ದ್ರಾವಣ ಎಂದು ಬರೆದಿದ್ದರು. ಅದಕ್ಕೂ ಮೂರೇ ಮನೆ, ಕೊನೆಯ 'ವಣ' ಕೂಡ ಅದೇ. 'ಣ' ತಟಸ್ಥೀಕರಣದೊಂದಿಗೆ ಸರಿಯಾಗಿ ಕೂಡುತ್ತದೆ. ಮೊದಲ ಮನೆಯನ್ನು ಬೇರೆ ಯಾವ ಪದವೂ ಕಾಯುತ್ತಿಲ್ಲ. ಹಿಂದಿನ ಬೆಂಚಿನ ಹುಡುಗ ಬಿಡಲೇ ಇಲ್ಲ: "ನಮ್ಮಪ್ಪ ಅಡಿಕೆಗೆ ಹೊಡೆಯೋದು ಬೋರ್ಡೋ ದ್ರಾವಣ. ಮೈಲುತುತ್ತಕ್ಕೆ ಸುಣ್ಣ ಸೇರಿಸಿದ್ರೇ ದ್ರಾವಣ ಆಗೋದು, ಸರ್." ಸುಳಿವಿಗೆ ಅವನ ಉತ್ತರ ತಪ್ಪಲ್ಲ. ಅಂಕ ಕೊಟ್ಟು, ಸುಳಿವಿಗೆ ಇಷ್ಟು ಜೋಡಿಸಿದೆ: '...ನೀರಿನ ಜೊತೆ ಹುಟ್ಟುವ ಹೊಸ ವಸ್ತು. ಅಡುಗೆ ಉಪ್ಪು ಇದರ ಪೈಕಿ'.

ಅಕ್ಷರ ಚೌಕದಲ್ಲಿ ಪದ ಹುಡುಕುವ ಹಾಳೆಯನ್ನೂ ಬೇಗ ಮುಗಿಸಿದವರಿಗೆ ಕೊಟ್ಟಿದ್ದೆ. ಗದ್ದಲವಿಲ್ಲದೆ ಮುಗಿಸಿದರು. ಸೂಚಕ ಎಂದರೇನೆಂದು ತಿಳಿಯದೆಯೂ ಅದಕ್ಕೆ ಗೆರೆ ಸುತ್ತಬಹುದು, ಕಣ್ಣು ಚುರುಕಿದ್ದರೆ ಸಾಕು. ಕಾಗುಣಿತಕ್ಕೆ ಸರಿ, ವಿಜ್ಞಾನಕ್ಕೆ ಅಲ್ಲ.

ಜುಲೈ 14, ಸೋಮವಾರ

ಇವತ್ತು ಉಲ್ಟಾ ಮಾಡಿದೆ. ತುಂಬಿದ ಪದಬಂಧ ಕೊಟ್ಟು, ಸುಳಿವು ನೀವು ಬರೆಯಿರಿ ಎಂದೆ. ಬಿಡಿಸುವಾಗ ಕಾಣದ ಗೊಂದಲ ಇಲ್ಲಿ ಹೊರಬಿತ್ತು. ಸೂಚಕಕ್ಕೆ ಹೆಚ್ಚಿನವರು 'ಬಣ್ಣ ಬದಲಿಸುವ ವಸ್ತು' ಎಂದಿದ್ದರು. "ಹಾಗಾದ್ರೆ ಊಸರವಳ್ಳಿ?" ಎಂದು ಒಬ್ಬಳು ಕೇಳಿದ ಮೇಲೆ, ಯಾವುದು ಸೇರಿದಾಗ ಬದಲಾಗುತ್ತದೆ ಎಂಬುದನ್ನೂ ಬರೆದರು. ತಟಸ್ಥೀಕರಣಕ್ಕೆ ಒಂದು ಜೋಡಿ 'ಆಮ್ಲ ಮಾಯವಾಗುವುದು' ಎಂದಿತ್ತು. ಪದವನ್ನು ತಪ್ಪಿಲ್ಲದೆ ತುಂಬಿದವರೇ ಅವರು! ನೀರೂ ಲವಣವೂ ಹುಟ್ಟುವ ಸಂಗತಿ ಅವರಿಗೆ ಮುಟ್ಟಿಯೇ ಇರಲಿಲ್ಲ. ನಾಳೆ ಲಿಂಬೆರಸಕ್ಕೆ ಅರಿಶಿನದ ಕಾಗದ ಅದ್ದಿ, ಸುಣ್ಣದ ತಿಳಿನೀರು ಹನಿಹನಿ ಬಿಡುತ್ತ ತೋರಿಸಬೇಕು.

ಅಡಿಕೆ ಮನೆಯ ಹುಡುಗ ಹೊಳೆಯುವ ಕತ್ತಿಯ ಅಲಗನ್ನು ಬೋರ್ಡೋಗೆ ಅದ್ದಿ ನೋಡುವ ಅಪ್ಪನ ಪರೀಕ್ಷೆಯನ್ನೇ ಸುಳಿವು ಮಾಡಿದ್ದ. ದ್ರಾವಣ ಇನ್ನೂ ಹುಳಿಯಾಗಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ. ಮುಂದಿನ ವರ್ಷದ ಹಾಳೆಗೆ ಅದನ್ನೇ ಎತ್ತಿಟ್ಟಿದ್ದೇನೆ: 'ಕತ್ತಿಗೆ ಕೆಂಪು ಹತ್ತಿದರೆ ಇದು ಪೂರ್ತಿ ಆಗಿಲ್ಲ, ಇನ್ನೂ ಸುಣ್ಣ ಹಾಕು (6)'.