ಸನ್ನದು ಬಿಟ್ಟು ಹೊರಟವಳ ಇಮೇಲ್

ನಮ್ಮ ಚೇಂಬರಿನಲ್ಲಿ ವಾಣಿಜ್ಯ ದಾವೆಗಳನ್ನು ನೋಡಿಕೊಳ್ಳುತ್ತಿದ್ದ ಜೂನಿಯರ್ ಒಬ್ಬಳಿದ್ದಳು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಚೆನ್ನಾಗಿ ಪಳಗಿದ್ದಳು. ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯೊಂದು ತನ್ನದೇ ಕಾನೂನು ವಿಭಾಗಕ್ಕೆ ವಕೀಲರನ್ನು ಹುಡುಕುತ್ತಿದೆ ಎಂದು ಗೊತ್ತಾದಾಗ ಅರ್ಜಿ ಹಾಕಲು ಮನಸ್ಸು ಮಾಡಿದಳು. ಒಂದು ಸಂಜೆ, ಕಕ್ಷಿದಾರರೆಲ್ಲ ಹೋದ ಮೇಲೆ, ರೆಸ್ಯೂಮೆ ಜೊತೆ ಕಳಿಸಬೇಕಾದ ಇಮೇಲಿನ ಕರಡನ್ನು ತಂದು ನನ್ನ ಮುಂದಿಟ್ಟಳು. "ಸರ್, ಒಂದ್ಸಲ ನೋಡ್ತೀರಾ?"

ಓದಿದೆ. ಎಷ್ಟು ಕೇಸು ನಡೆಸಿದ್ದೇನೆ, ಎಷ್ಟು ಪಾಟೀಸವಾಲು ಮಾಡಿದ್ದೇನೆ, ಯಾವ ಯಾವ ಕಕ್ಷಿದಾರರ ಪರ ನಿಂತಿದ್ದೇನೆ ಎಂದೆಲ್ಲ ಬರೆದಿದ್ದಳು. ಇನ್ನೊಂದು ಚೇಂಬರಿಗೆ ಸೇರುವುದಾದರೆ ಅದು ಒಳ್ಳೆಯ ಪತ್ರವೇ. ಆದರೆ ಕಂಪನಿಯವರು ಬೇರೆ ಕಣ್ಣಿಂದ ಓದುತ್ತಾರೆ. ಅವರಿಗೆ ಕೋರ್ಟಿನಲ್ಲಿ ವಾದಿಸಲು ಹೊರಗಿನ ವಕೀಲರು ಇದ್ದೇ ಇರುತ್ತಾರೆ. ತಮ್ಮ ಕರಾರುಗಳು ಕೋರ್ಟಿನವರೆಗೆ ಹೋಗದಂತೆ ನೋಡಿಕೊಳ್ಳುವವರು, ಹೋದರೆ ಹೊರಗಿನ ವಕೀಲರಿಗೆ ಕಾಗದಪತ್ರ ಸರಿಯಾಗಿ ಜೋಡಿಸಿ ಕೊಡುವವರು ಅವರಿಗೆ ಬೇಕು.

ಮೊದಲು ಕಕ್ಷಿದಾರರ ಹೆಸರುಗಳನ್ನೆಲ್ಲ ತೆಗೆಸಿದೆ. ಅವರ ಗುಟ್ಟು ಕಾಯುವುದು ವಕೀಲರ ಕರ್ತವ್ಯ, ವಕಾಲತ್ತು ಮುಗಿದ ಮೇಲೂ ಅದು ಮುಗಿಯುವುದಿಲ್ಲ. ಅದೂ ಅಲ್ಲದೆ, ಇವತ್ತು ಹಳೆಯ ಕಕ್ಷಿದಾರರ ಸಂಗತಿ ಬಿಟ್ಟುಕೊಡುವವಳು ನಾಳೆ ನಮ್ಮದನ್ನೂ ಬಿಟ್ಟುಕೊಡಬಹುದೆಂದು ಓದುವವರಿಗೆ ಅನ್ನಿಸದೇ ಇರುತ್ತದೆಯೇ?

"ಹೆಸರಿಲ್ಲದೆ ಏನು ಬರೆಯೋದು ಸರ್?" ಎಂದಳು.

ಅವಳೇ ಕಷ್ಟಪಟ್ಟ ಒಂದು ದಾವೆಯನ್ನು ನೆನಪಿಸಿದೆ. ನಮ್ಮ ಕಕ್ಷಿದಾರರು ಮಾಲು ಕಳಿಸಿದ್ದರು, ಹಣ ಬಂದಿರಲಿಲ್ಲ. ಕೊಳ್ಳುವವರ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ತಕರಾರು ಬಂದರೆ ತಮ್ಮೂರಿನ ಕೋರ್ಟಿಗೇ ಹೋಗಬೇಕೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮವರ ಇನ್ವಾಯ್ಸಿನ ಕೆಳಗೆ ಬೆಂಗಳೂರಿನ ಕೋರ್ಟು ಮಾತ್ರ ಎಂದಿತ್ತು. ಎರಡಕ್ಕೂ ಎರಡೂ ಕಡೆಯವರ ಸಹಿ ಇರಲಿಲ್ಲ. ದಾವೆ ಹೂಡಿದೊಡನೆ ಎದುರಾಳಿಗಳು ದಾವಾಪತ್ರವನ್ನು ವಾಪಸು ಮಾಡಬೇಕೆಂದು ಅರ್ಜಿ ಹಾಕಿದರು. ಹಣ ಕೊಡಬೇಕೋ ಬೇಡವೋ ಎಂಬ ಮಾತು ಬರುವ ಮೊದಲೇ, ಯಾವ ಊರಿನ ಕೋರ್ಟು ಎಂಬ ಜಗಳದಲ್ಲಿ ಕಾಲ ಹೋಯಿತು. ಆ ಅರ್ಜಿ ಇತ್ಯರ್ಥವಾದ ಮೇಲೆ ಅವಳು ಸುಮ್ಮನಿರಲಿಲ್ಲ. ಕಕ್ಷಿದಾರರ ಕಾರ್ಖಾನೆಗೆ ಹೋಗಿ ಮಾರಾಟ ವಿಭಾಗದವರ ಜೊತೆ ಕೂತು, ಆರ್ಡರ್ ಬಂದ ಕೂಡಲೇ ಯಾವ ಷರತ್ತಿಗೆ ಒಪ್ಪಿಗೆ, ಯಾವುದಕ್ಕಿಲ್ಲ ಎಂದು ತಿಳಿಸುವ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಕೊಟ್ಟಿದ್ದಳು. ಮಾಲು ಮುಟ್ಟಿದ್ದಕ್ಕೆ ಸಹಿ, ಮೊಹರು ಪಡೆಯುವುದನ್ನೂ ರೂಢಿ ಮಾಡಿಸಿದ್ದಳು.

"ಇದು ಕೋರ್ಟಿನ ಕೆಲಸ ಅಲ್ವಲ್ಲ ಸರ್, ಅದಕ್ಕೇ ಬರೀಲಿಲ್ಲ" ಎಂದಳು. ಇಡೀ ಪತ್ರದಲ್ಲಿ ಇರಬೇಕಾದದ್ದು ಅದೇ ಆಗಿತ್ತು!

ಕೂತು ಮತ್ತೆ ಬರೆದಳು. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ತನ್ನ ಹೆಸರು, ಅಷ್ಟೇ. ಮೊದಲ ಪ್ಯಾರಾದಲ್ಲಿ ಯಾವ ಹುದ್ದೆಗೆ ಅರ್ಜಿ, ಈಗ ಮಾಡುತ್ತಿರುವ ಕೆಲಸವೇನು. ಎರಡನೆಯದರಲ್ಲಿ ಹೆಸರು, ಊರು, ಮೊತ್ತ ಯಾವುದೂ ಇಲ್ಲದೆ ಆ ಪ್ರಸಂಗ. ಇಂಗ್ಲಿಷಿನಲ್ಲಿದ್ದ ಆ ಭಾಗದ ತಾತ್ಪರ್ಯ ಹೀಗಿತ್ತು: "ಆರ್ಡರಿನ ಷರತ್ತಿಗೂ ಇನ್ವಾಯ್ಸಿನ ಷರತ್ತಿಗೂ ಹೊಂದಾಣಿಕೆ ಇಲ್ಲದೆ ಹುಟ್ಟಿದ ವ್ಯಾಜ್ಯವನ್ನು ನಡೆಸಿದ್ದೇನೆ. ಅದು ಮರುಕಳಿಸದಂತೆ ಮಾರಾಟ ವಿಭಾಗ ಬಳಸುವ ಒಪ್ಪಿಗೆ ಪತ್ರವನ್ನು ಸಿದ್ಧಪಡಿಸಿದ್ದೇನೆ. ನಿಮ್ಮ ಜಾಹೀರಾತಿನಲ್ಲಿ ಕೇಳಿರುವ ಕರಾರು ಪರಿಶೀಲನೆಯ ಕೆಲಸಕ್ಕೆ ಈ ಅನುಭವ ನೇರವಾಗಿ ಒದಗುತ್ತದೆ."

ಕೆಲಸಕ್ಕೆ ಯಾವಾಗ ಸೇರಬಹುದು ಎಂದು ತಿಳಿಸುವ ಕೊನೆಯ ಪ್ಯಾರಾ ಬಗ್ಗೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದಂತೆ, ವಕೀಲರು ಕಂಪನಿಯ ಪೂರ್ಣಾವಧಿ ಸಂಬಳದ ನೌಕರಿ ಹಿಡಿದರೆ ರಾಜ್ಯ ಬಾರ್ ಕೌನ್ಸಿಲಿಗೆ ತಿಳಿಸಬೇಕು, ಆ ನೌಕರಿ ಇರುವವರೆಗೆ ವಕೀಲಿ ವೃತ್ತಿ ನಡೆಸುವಂತಿಲ್ಲ. ನಡೆಯುತ್ತಿರುವ ಕೇಸುಗಳಿಂದ ಸುಮ್ಮನೆ ಎದ್ದು ಬರಲೂ ಆಗದು. ಸಿವಿಲ್ ದಾವೆಯಲ್ಲಿ ಹಾಕಿದ ವಕಾಲತ್ತು ಕೋರ್ಟಿನ ಅನುಮತಿಯಿಂದಲೇ ಕೊನೆಗೊಳ್ಳಬೇಕು, ಮುಂದೆ ಬರುವ ವಕೀಲರಿಗೆ ಒಪ್ಪಿಗೆ ಕೊಡಬೇಕು. "ಸೇರಲು ಇಷ್ಟು ದಿನ ಬೇಕು ಅಂದ್ರೆ ಬೇಡ ಅಂದ್ಬಿಟ್ರೆ?" ಎಂಬ ಅಳುಕು ಅವಳಿಗೆ. ಬರೆಯಲೇಬೇಕೆಂದೆ. ನಾಳೆಯೇ ಬರುತ್ತೇನೆ ಎನ್ನುವ ವಕೀಲೆಯ ಕಕ್ಷಿದಾರರ ಗತಿ ಏನೆಂದು ಕಾನೂನು ವಿಭಾಗದ ಮುಖ್ಯಸ್ಥರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೇಸುಗಳನ್ನು ವಹಿಸಿಕೊಟ್ಟು, ಸನ್ನದಿನ ವಿಷಯ ಮುಗಿಸಿ ಬರಲು ಎರಡು ತಿಂಗಳು ಬೇಕು ಎಂದು ಸ್ಪಷ್ಟವಾಗಿ ಸೇರಿಸಿದಳು.

ಸಂದರ್ಶನದಲ್ಲಿ ಮುಖ್ಯಸ್ಥರು ಕೇಸುಗಳ ಲೆಕ್ಕ ಕೇಳಲೇ ಇಲ್ಲವಂತೆ. ತಮ್ಮದೇ ಪರ್ಚೇಸ್ ಆರ್ಡರಿನ ನಮೂನೆಯನ್ನು ಮೇಜಿನ ಮೇಲಿಟ್ಟು, "ಇದರ ಹಿಂಬದಿ ಓದಿ, ಎಲ್ಲಿ ತೊಂದರೆ ಬರಬಹುದು ಹೇಳಿ" ಎಂದರಂತೆ.