ಕೆಲಸದ ನೋಟ್ ಬರೆಯೋದು (ಇಂಟರ್ನ್‌ಶಿಪ್ ಡೈರಿ, ಭಾಗ 5)

ಕೆಳಗಿನ ಸಾಲನ್ನು ಒಂದ್ಸಲ ಓದಿ ನೋಡಿ.

```
hosa file nodi bele list update madi, naale kalisi
```

ಈಗ ಹೇಳಿ, ಯಾವ ಪಟ್ಟಿ ಬದಲಾಯಿಸ್ತೀರಿ? ಬೆಲೆ ಪಟ್ಟಿನಾ, ಬೆಳೆ ಪಟ್ಟಿನಾ?

ನಾನು ಇಂಟರ್ನ್‌ಶಿಪ್ ಮಾಡ್ತಿರೋ ಟೀಮಿನಲ್ಲಿ ಆರು ಜನ. ಹಾವೇರಿ ಜಿಲ್ಲೆಯ ರೈತರಿಗೆ ಮಾರುಕಟ್ಟೆ ದರ ತೋರಿಸುವ ಒಂದು ಚಿಕ್ಕ ಆ್ಯಪ್ ನಮ್ಮ ಕೆಲಸ. ಫೀಲ್ಡಿನಲ್ಲಿ ಇಬ್ಬರಿದ್ದಾರೆ, ಕನ್ನಡ ಸರಾಗವಾಗಿ ಓದ್ತಾರೆ, ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತಾರೆ. ಡೆವಲಪರ್‌ಗಳಲ್ಲಿ ಒಬ್ಬರು ಕೇರಳದವರು. ಕನ್ನಡ ಚೆನ್ನಾಗೇ ಮಾತಾಡ್ತಾರೆ, ಆದರೆ ಲಿಪಿ ಬರಲ್ಲ. ಅವರಿಗೂ ಓದೋಕಾಗಲಿ ಅಂತಲೇ ಎಲ್ಲರೂ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋ ರೂಢಿ ಬಿದ್ದಿತ್ತು. ಉದ್ದೇಶ ಒಳ್ಳೇದೇ.

ತೊಂದರೆ ಎಲ್ಲಿ ಅಂದ್ರೆ, ನಾವು ಫೋನಿನಲ್ಲಿ ಹೊಡೆಯೋ ಇಂಗ್ಲಿಷ್ ಅಕ್ಷರದಲ್ಲಿ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ, ಹ್ರಸ್ವ ದೀರ್ಘ ಅವರವರ ಮೂಡಿಗೆ ಬಿಟ್ಟಿದ್ದು. ಗೆಳೆಯರ ಜೊತೆ ಚಾಟ್ ಮಾಡುವಾಗ ಹಿಂದೆ ಮುಂದೆ ಮಾತಿರುತ್ತೆ, ಅರ್ಥ ತಾನಾಗೇ ಆಗುತ್ತೆ. ಕೆಲಸದ ನೋಟ್ ಹಾಗಲ್ಲ. ಬರೆದವರು ಬಸ್ಸಿನಲ್ಲಿ ಇರ್ತಾರೆ, ಓದುವವರು ಮರುದಿನ ಅದೊಂದೇ ಸಾಲು ಇಟ್ಕೊಂಡು ಕೂರ್ತಾರೆ.

ಮೇಲಿನ ನೋಟ್ ಸೋಮವಾರ ರಾತ್ರಿ ಬಂದಿದ್ದು. ಅದರ ಜೊತೆಗಿದ್ದ ಎಕ್ಸೆಲ್ ಫೈಲಿನಲ್ಲಿ ಬೆಳೆಗಳ ಹೆಸರೂ ಇತ್ತು, ಕ್ವಿಂಟಾಲಿಗೆ ಎಷ್ಟು ಅನ್ನೋ ಬೆಲೆಯೂ ಇತ್ತು. ಮಂಗಳವಾರ ಬೆಳಗ್ಗೆ ಡೆವಲಪರ್ ಅದನ್ನ ಬೆಳೆ ಅಂತ ಓದಿದರು. ಪಟ್ಟಿಯಲ್ಲಿ ಇಲ್ಲದ ಎರಡು ಬೆಳೆ ಸೇರಿಸಿದರು, ಬೆಲೆ ಮುಟ್ಟಲಿಲ್ಲ. ಇನ್ನು `naale`. ಮಂಗಳವಾರ ಓದಿದವರಿಗೆ ನಾಳೆ ಅಂದ್ರೆ ಬುಧವಾರ, ಬರೆದವರಿಗೆ ಅದು ಮಂಗಳವಾರ. ಕೊನೆಗೆ `kalisi`. ನನ್ನ ಪಕ್ಕ ಕೂರುವ ಇನ್ನೊಬ್ಬ ಇಂಟರ್ನ್ ಅದನ್ನ ನೋಡಿ, "ಯಾರಿಗೆ ಕಲಿಸ್ಬೇಕಂತೆ?" ಅಂತ ಕೇಳಿದ. ಕಳಿಸಿ ಅನ್ನೋದು ಕಲಿಸಿ ಆಗಿತ್ತು!

ಮಧ್ಯಾಹ್ನ ಫೀಲ್ಡಿನ ಅಕ್ಕ ಫೋನ್ ಮಾಡಿದರು. "ಯಾಕ್ರೀ, ಮೆಣಸಿನಕಾಯಿ ರೇಟ್ ಇನ್ನೂ ಹಳೇದ ಐತಲ್ಲ? ಮಂದಿ ಕೇಳಾಕತ್ತಾರ." ಬ್ಯಾಡಗಿ ಕಡೆ ಕಡ್ಡಿ, ಡಬ್ಬಿ ಅಂತ ಮೆಣಸಿನಕಾಯಿ ತಳಿಗಳಿವೆ, ಎರಡಕ್ಕೂ ಬೇರೆ ಬೇರೆ ದರ. ಚೀಲ ತುಂಬಿಟ್ಟವರು ಮಾರುಕಟ್ಟೆಗೆ ಗಾಡಿ ಮಾಡಬೇಕಾ, ಊರಲ್ಲೇ ಬಂದ ವ್ಯಾಪಾರಿಗೆ ಕೊಟ್ಟುಬಿಡಬೇಕಾ ಅಂತ ಆ ದರ ನೋಡಿ ನಿರ್ಧಾರ ಮಾಡ್ತಾರೆ. ಹಳೆ ದರ ತೋರಿಸೋ ಬದಲು ಏನೂ ತೋರಿಸದೆ ಇದ್ದಿದ್ರೇ ವಾಸಿ ಇತ್ತು.

ಇದಾದ ಮೇಲೆ ನೋಟ್ ಬರೆಯೋ ಕ್ರಮ ಸರಿ ಮಾಡು ಅಂತ ನನಗೆ ಹೇಳಿದರು. ಮೊದಲು ಬಂದ ಸಲಹೆ, ಎಲ್ಲವನ್ನೂ ಎರಡು ಭಾಷೆಯಲ್ಲಿ ಪೂರ್ತಿ ಬರೆಯೋಣ ಅಂತ. ಒಂದು ವಾರ ಮಾಡಿ ನೋಡಿದ್ವಿ. ಮಧ್ಯದಲ್ಲಿ ಏನಾದ್ರೂ ಬದಲಾದ್ರೆ ಒಂದು ಭಾಷೆಯಲ್ಲಿ ಮಾತ್ರ ತಿದ್ದುತ್ತಾರೆ, ಇನ್ನೊಂದು ಹಾಗೇ ಉಳಿಯುತ್ತೆ. ಆಮೇಲೆ ಯಾವುದು ನಿಜ ಅಂತ ಕೇಳೋಕೆ ಮತ್ತೆ ಫೋನು. ಅದಕ್ಕೇ ಈಗ ಮೇಲಿನ ಒಂದೇ ಸಾಲು ಇಂಗ್ಲಿಷ್: ಏನು, ಯಾರು, ಯಾವಾಗ. ಉಳಿದಿದ್ದು ಕನ್ನಡ, ಕನ್ನಡ ಲಿಪಿಯಲ್ಲೇ. ಅದೇ ನೋಟ್ ಈಗ ಹೀಗಿರುತ್ತೆ:

```
Update chilli PRICE | backend | Tue 18 Nov, 10 AM

ಕಡ್ಡಿ, ಡಬ್ಬಿ ಎರಡರ ಬೆಲೆಯನ್ನೂ ಬ್ಯಾಕೆಂಡ್‌ನವರು
ಬದಲಾಯಿಸಬೇಕು. ಹೊಸ ಬೆಲೆ price_17nov.xlsx ಫೈಲಿನಲ್ಲಿದೆ.
ಬೆಳೆಗಳ ಹೆಸರು ಮುಟ್ಟಬೇಡಿ.
ಮುಗಿದ ಮೇಲೆ Today's Price ಪುಟದಲ್ಲಿ 17 Nov ಅಂತ
ಕಾಣಬೇಕು. ಅದರ ಸ್ಕ್ರೀನ್‌ಶಾಟ್ ಫೀಲ್ಡಿನವರಿಗೆ ಕಳಿಸಿ.
```

ಲಿಪಿ ಬರದವರಿಗೆ ಕೆಳಗಿನ ಭಾಗ ಯಾರಾದರೂ ಓದಿ ಹೇಳ್ತಾರೆ, ಅರ್ಧ ನಿಮಿಷದ ಕೆಲಸ. ಆಗ ಯಾರೂ ಪಕ್ಕದಲ್ಲಿ ಇಲ್ಲದಿದ್ರೂ ಬೆಲೆನಾ ಬೆಳೆನಾ ಅನ್ನೋ ಗೊಂದಲ ಮೊದಲ ಸಾಲಲ್ಲೇ ಮುಗಿದಿರುತ್ತೆ.

"ಬ್ಯಾಕೆಂಡ್‌ನವರು" ಅಂತ ಮತ್ತೆ ಯಾಕೆ ಬರೆದೆ ಅಂತ ಕೇಳ್ತೀರೇನೋ. ಕನ್ನಡದ "ಬೇಕು" ಒಂದು ಮಜದ ಪದ. ನಾನು ಮಾಡಬೇಕು, ನೀನು ಮಾಡಬೇಕು, ಅವರು ಮಾಡಬೇಕು, ಎಲ್ಲದಕ್ಕೂ ಅದೇ ರೂಪ. "ಮಾಡ್ತೀನಿ" ಅಂದ್ರೆ ನಾನೇ ಅಂತ ಗೊತ್ತಾಗುತ್ತೆ. "ಮಾಡಬೇಕು" ಅಂತಷ್ಟೇ ಬರೆದ್ರೆ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡ್ತಾರೆ ಅಂದ್ಕೊಳ್ಳೋಕೆ ಜಾಗ ಇರುತ್ತೆ. ನಿಮ್ಮ ಪ್ರಾಜೆಕ್ಟ್ ಗ್ರೂಪಿನಲ್ಲಿ "ಪಿಪಿಟಿ ಮಾಡ್ಬೇಕು" ಅಂತ ಒಬ್ಬರು ಹಾಕಿ, ಐದು ಜನ ಥಂಬ್ಸ್ ಅಪ್ ಕೊಟ್ಟು, ಯಾರೂ ಮಾಡದೇ ಹೋಗಿದ್ದು ನೆನಪಿದ್ಯಾ?

ಇನ್ನೊಂದು, ಸ್ಕ್ರೀನ್ ಮೇಲೆ ಕಾಣೋದನ್ನ ಅನುವಾದ ಮಾಡ್ಬೇಡಿ. "ಲಾಗಿನ್ ಆಗ್ತಿಲ್ಲ" ಅಂದ್ರೆ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ ಅಂತನೂ ಇರಬಹುದು, ಮೆಸೇಜ್ ಬಂದಿಲ್ಲ ಅಂತನೂ ಇರಬಹುದು. ಅಲ್ಲಿ `Invalid OTP` ಅಂತ ಬಂದಿದ್ರೆ ಅಕ್ಷರ ಬಿಡದೆ ಹಾಗೇ ಹಾಕಿ. ಡೆವಲಪರ್ ಆ ಪದಗಳನ್ನೇ ಕೋಡ್‌ನಲ್ಲಿ ಹುಡುಕ್ತಾರೆ. "ಓಟಿಪಿ ತಪ್ಪು ಅಂತ ಹೇಳ್ತು" ಅಂತ ಬರೆದ್ರೆ ಹುಡುಕೋಕೆ ಏನೂ ಸಿಗಲ್ಲ. ಫೀಲ್ಡಿನವರಿಗೆ ಇಂಗ್ಲಿಷ್ ಟೈಪ್ ಮಾಡೋದು ಕಷ್ಟ, ಅವರು ಸ್ಕ್ರೀನ್‌ಶಾಟ್ ಹಾಕ್ತಾರೆ. ಆ ಮಾತನ್ನ ನೋಟಿಗೆ ಇಳಿಸೋದು ನನ್ನ ಕೆಲಸ.

ಹಾಗಂತ ಪೂರ್ತಿ ಇಂಗ್ಲಿಷಲ್ಲಿ ಬರೆದ್ರೆ ಸಲೀಸು ಅಂದ್ಕೋಬೇಡಿ. ಆಫೀಸಿನ ಕಡೆಯಿಂದ ಒಂದು ನೋಟ್ ಬಂದಿತ್ತು:

```
Pls revert on price change by EOD
```

ಭಾರತದ ಆಫೀಸ್ ಇಂಗ್ಲಿಷಿನಲ್ಲಿ ರಿವರ್ಟ್ ಅಂದ್ರೆ ಉತ್ತರ ಕೊಡಿ. ಕೋಡ್ ಬರೆಯೋರಿಗೆ `git revert` ಅಂದ್ರೆ ಮಾಡಿದ ಬದಲಾವಣೆಯನ್ನ ವಾಪಸ್ ತೆಗೆಯೋದು. ಬೆಲೆ ಬದಲಾವಣೆ ಬಗ್ಗೆ ಉತ್ತರ ಕೊಡಬೇಕಾ, ಬದಲಾವಣೆಯನ್ನೇ ತೆಗೀಬೇಕಾ? ಅದೃಷ್ಟಕ್ಕೆ ಡೆವಲಪರ್ ಫೋನ್ ಮಾಡಿ ಕೇಳಿದರು. ಫೀಲ್ಡಿನ ಅಕ್ಕನಿಗಂತೂ ಕೊನೆಯ ಮೂರಕ್ಷರವೇ ಗೊತ್ತಾಗಿರಲಿಲ್ಲ, ಊರಿನ ಹೆಸರಿರಬೇಕು ಅಂದ್ಕೊಂಡಿದ್ದರಂತೆ.

ಹಾಗಾಗಿ ನೋಟ್ ಹಾಕೋ ಮುಂಚೆ ನಾನು ಕೆಲಸ ಮಾಡಬೇಕಾದವರಿಗೆ ಒಂದೇ ಮಾತು ಕೇಳ್ತೀನಿ: "ಇದನ್ನ ಓದಿ ನೀವು ಮೊದಲು ಏನು ತೆಗೀತೀರಿ?" "ಅರ್ಥ ಆಯ್ತಾ" ಅಂದ್ರೆ ಎಲ್ಲರೂ ಹೂಂ ಅಂತಾರೆ, ಅದರಿಂದ ಏನೂ ತಿಳಿಯಲ್ಲ. ಯಾವ ಫೈಲು, ಯಾವ ಪುಟ ತೆಗೀತೀನಿ ಅಂತ ಅವರು ಹೇಳಿದಾಗ ತಪ್ಪು ತಿಳಿದಿದ್ರೆ ಅಲ್ಲೇ ಹೊರಗೆ ಬರುತ್ತೆ. ಎಲ್ಲ ನೋಟಿಗೂ ಇಷ್ಟು ಸಮಯ ಸಿಗಲ್ಲ, ಬೆಲೆಗೆ ಸಂಬಂಧಪಟ್ಟಿದ್ದಕ್ಕೆ ಮಾತ್ರ ಬಿಡಲ್ಲ.

ಜಗಳ ಆಗೋ ಪದಗಳದ್ದೊಂದು ಚಿಕ್ಕ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೀವಿ. ರಿವರ್ಟ್ ಇದೆ, ನಾಳೆ ಇದೆ, ಬೆಲೆ ಬೆಳೆ ಇದೆ. ಹೋದ ವಾರ "ಸಂಜೆ" ಸೇರ್ತು. ಡೆವಲಪರ್‌ಗಳ ಪ್ರಕಾರ ಸಂಜೆ ಅಂದ್ರೆ 7 ಗಂಟೆ. ಫೀಲ್ಡಿನ ಅಕ್ಕನ ಪ್ರಕಾರ 4, ಯಾಕಂದ್ರೆ ಅವರ ಊರಿನ ಕೊನೇ ಬಸ್ಸು 5ಕ್ಕೆ. ಇನ್ನೂ ಇತ್ಯರ್ಥ ಆಗಿಲ್ಲ, ಅಲ್ಲಿವರೆಗೆ ಗಂಟೆ ಅಂಕಿಯಲ್ಲೇ ಬರೀತಿದ್ದೀವಿ.